ಹುಳಿಯೂ ಒಗರೂ ಒಂದೇ ಲೋಟದಲ್ಲಿ: ಪೋರ್-ಓವರ್ ಕಾಫಿಯನ್ನು ಎಷ್ಟು ಕದಡಬೇಕು, ಎಲ್ಲಿ ಕೈ ಬಿಡಬೇಕು

ಶಂಕುವಿನಾಕಾರದ ಪಾತ್ರೆಯಲ್ಲಿ ಕಾಗದದ ಫಿಲ್ಟರ್ ಕೂರಿಸಿ, ಪುಡಿಯ ಮೇಲೆ ಬಿಸಿನೀರು ಸುರಿದು ಕಾಫಿ ಇಳಿಸುವ ವಿ-60 ಕೊಂಡ ಮೊದಲ ಎರಡು ತಿಂಗಳು ನಾನು ಮಾಡಿದ ಕಾಫಿ ಬಾಯಿಗಿಟ್ಟಾಗ ಹುಳಿ, ನುಂಗಿದ ಮೇಲೆ ನಾಲಿಗೆ ಎಳೆಯುವಷ್ಟು ಒಗರು. ಹುಳಿಯಾದರೆ ಸಾರ ಸಾಲದು, ಪುಡಿ ಸಣ್ಣ ಮಾಡು ಎನ್ನುತ್ತಾರೆ. ಒಗರಾದರೆ ಸಾರ ಮಿತಿಮೀರಿತು, ಪುಡಿ ದಪ್ಪ ಮಾಡು ಎನ್ನುತ್ತಾರೆ. ಎರಡೂ ಇದ್ದರೆ ಏನು ಮಾಡಬೇಕೆಂದು ಯಾರೂ ಹೇಳಿರಲಿಲ್ಲ. ಗ್ರೈಂಡರ್‌ನ ತಿರುಪನ್ನು ಒಂದು ವಾರ ಆ ಕಡೆಗೆ, ಮರುವಾರ ಈ ಕಡೆಗೆ ತಿರುಗಿಸುತ್ತಾ ಕಾಲು ಕಿಲೋ ಬೀಜ ಮುಗಿಸಿದೆ.

ಆದದ್ದು ಇಷ್ಟೇ: ಒಂದೇ ಕಾಗದದೊಳಗೆ ಒಂದಷ್ಟು ಪುಡಿ ಸರಿಯಾಗಿ ನೆನೆಯದೆ ಉಳಿದಿತ್ತು, ಮತ್ತೊಂದಷ್ಟು ಪುಡಿಯ ನಡುವೆಯೇ ನೀರೆಲ್ಲ ಹರಿದು ಹೋಗಿತ್ತು. ಹುಳಿ ಮೊದಲನೆಯದರದು, ಒಗರು ಎರಡನೆಯದರದು. ಇದಕ್ಕೆ ಗ್ರೈಂಡರ್ ಮದ್ದಲ್ಲ. ನೀರು ಹೇಗೆ ಬೀಳುತ್ತದೆ, ಪುಡಿ ಎಷ್ಟು ಅಲುಗಾಡುತ್ತದೆ ಎಂಬುದನ್ನು ಹತೋಟಿಗೆ ತರಬೇಕು. ಅದಕ್ಕೆ ನಮ್ಮ ಕೈಯಲ್ಲಿರುವ ಉಪಾಯಗಳು ಮೂರು: ನೀರನ್ನು ಕಂತುಗಳಲ್ಲಿ ಸುರಿಯುವುದು, ಚಮಚದಿಂದ ಕಲಕುವುದು, ಮತ್ತು ಪಾತ್ರೆಯನ್ನೇ ಹಿಡಿದು ಗುಂಡಗೆ ಆಡಿಸುವುದು. ಕೆಫೆಯವರು ಇವನ್ನು ಪಲ್ಸ್, ಸ್ಟರ್, ಸ್ವರ್ಲ್ ಎನ್ನುತ್ತಾರೆ.

ಫಿಲ್ಟರ್ ಕಾಫಿಯ ಮನೆಯಲ್ಲಿ ಬೆಳೆದವರಿಗೆ ಇದು ಹೊಸ ಚಿಂತೆ. ನಮ್ಮ ಸ್ಟೀಲ್ ಫಿಲ್ಟರ್‌ನಲ್ಲಿ ಪುಡಿಯ ಮೇಲೆ ನಡುವೆ ಕಡ್ಡಿಯಿರುವ ತೂತಿನ ಬಿಲ್ಲೆ ಕೂರುತ್ತದೆ. ನೀರಿನ ಪೆಟ್ಟನ್ನು ಅದೇ ತಿನ್ನುತ್ತದೆ, ಪುಡಿ ಕದಲುವುದಿಲ್ಲ. ಡಿಕಾಕ್ಷನ್ ತೊಟ್ಟಿಕ್ಕಲು ಬೇಕಾದಷ್ಟು ಹೊತ್ತು ಇರುವುದರಿಂದ ಯಾರೂ ಅವಸರಪಡುವುದಿಲ್ಲ. ವಿ-60ಯಲ್ಲಿ ಬಿಲ್ಲೆಯೂ ಇಲ್ಲ, ಹೊತ್ತೂ ಇಲ್ಲ. 60 ಡಿಗ್ರಿ ಕೋನದ ಶಂಕು, ತಳದಲ್ಲಿ ಒಂದೇ ದೊಡ್ಡ ತೂತು. ಮೂರು ನಿಮಿಷದಲ್ಲಿ ಎಲ್ಲವೂ ಮುಗಿಯಬೇಕು. ನೀರು ನೇರವಾಗಿ ಪುಡಿಗೆ ಬಡಿಯುತ್ತದೆ. ಬಡಿದಲ್ಲಿ ಗುಂಡಿ ತೋಡುತ್ತದೆ.

ಕದಡಿದರೆ ಏನಾಗುತ್ತದೆ? ಪ್ರತಿ ಕಣದ ಸುತ್ತ ಆಗಲೇ ಸಾರ ತುಂಬಿಕೊಂಡ ನೀರಿನ ತೆಳುಪೊರೆ ನಿಂತಿರುತ್ತದೆ. ಅದು ಸರಿದು ಹೊಸ ನೀರು ಬಂದರೆ ಸಾರ ಬೇಗ ಇಳಿಯುತ್ತದೆ. ಗಂಟು ಕಟ್ಟಿದ ಒಣಪುಡಿ ಒಡೆಯುತ್ತದೆ, ನೀರು ಹಿಡಿದ ಕಳ್ಳದಾರಿಗಳು ಮುಚ್ಚುತ್ತವೆ. ಇದು ಲಾಭ. ನಷ್ಟವೂ ಉಂಟು. ಬೀಜ ಬೀಸುವಾಗ ಮೈದಾದಂಥ ನುಣುಪು ಪುಡಿ ಒಂದಷ್ಟು ಹುಟ್ಟಿಯೇ ಹುಟ್ಟುತ್ತದೆ. ಹೆಚ್ಚು ಕದಡಿದಾಗ ಅದು ತೇಲಿ ಹೋಗಿ ಕಾಗದದ ಸೂಕ್ಷ್ಮ ರಂಧ್ರಗಳನ್ನು ಮುಚ್ಚುತ್ತದೆ. ಆಮೇಲೆ ನೀರು ಇಳಿಯದೆ ನಿಲ್ಲುತ್ತದೆ, ಕಾಫಿ ಕಹಿಯಾಗುತ್ತದೆ. ಹಾಗಾಗಿ ಕದಡುವುದನ್ನು ನಾನು ತಿಂಗಳ ಸಂಬಳದಂತೆ ಕಾಣುತ್ತೇನೆ: ಮೊದಲ ವಾರವೇ ಧಾರಾಳವಾಗಿ ಖರ್ಚು ಮಾಡಬೇಕಾದದ್ದು ಒಂದಿದೆ, ಉಳಿದದ್ದರಲ್ಲಿ ಜಿಪುಣತನ ಬೇಕು. ಆ ಧಾರಾಳದ ಖರ್ಚು ಪುಡಿ ನೆನೆಸುವ ಹಂತದ್ದು.

ಸಿದ್ಧತೆ

ಕೆಳಗಿನ ಲೆಕ್ಕ ಒಂದು ದೊಡ್ಡ ಲೋಟಕ್ಕೆ: 15 ಗ್ರಾಂ ಪುಡಿ, 250 ಗ್ರಾಂ ನೀರು. ಚಿಕ್ಕಮಗಳೂರು ಅಥವಾ ಕೊಡಗಿನ ಮಧ್ಯಮ ಹುರಿತದ ಅರೇಬಿಕಾ ಎಂದಿಟ್ಟುಕೊಳ್ಳಿ. ಪುಡಿ ಉಪ್ಪಿಟ್ಟಿನ ರವೆಯಷ್ಟಿರಲಿ. ಅಂಗಡಿಯ ಫಿಲ್ಟರ್ ಪುಡಿ ಇದಕ್ಕೆ ತೀರ ನುಣುಪು. ಚಿಕೋರಿ ಬೆರೆತದ್ದಂತೂ ಬೇಡ. ನೀರು ಇಳಿಯುವ ಹೊತ್ತಿಗೆ ನಿಮ್ಮ ಸಹನೆ ಮುಗಿದಿರುತ್ತದೆ.

ಗ್ರಾಂ ತೋರಿಸುವ ತಕ್ಕಡಿ ಬೇಕೇ ಬೇಕು. ತೆಳ್ಳನೆಯ ಉದ್ದ ಕೊಕ್ಕಿನ ಗೂಸ್‌ನೆಕ್ ಕೆಟಲ್ ಇದ್ದರೆ ಒಳ್ಳೆಯದು. ಇಲ್ಲದವರು ಸಾಮಾನ್ಯ ಪಾತ್ರೆಯಿಂದಲೇ, ಪುಡಿಗೆ ಹತ್ತಿರ ಹಿಡಿದ ಚಮಚದ ಬೆನ್ನಿನ ಮೇಲೆ ನೀರು ಬಿಡಬಹುದು, ಪೆಟ್ಟು ಕಡಿಮೆಯಾಗುತ್ತದೆ. ನೀರು ಕುದಿದ ಕೂಡಲೇ ಬಳಸಿ. ಬೆಂಗಳೂರಿನ ಎತ್ತರದಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ, ಮಡಿಕೇರಿಯಲ್ಲಿ ಇನ್ನೂ ಒಂದು ಡಿಗ್ರಿ ಕಡಿಮೆಗೆ. ಸಮುದ್ರ ಮಟ್ಟದ ಊರುಗಳವರು ಬರೆದ ‘ಕುದಿದ ಮೇಲೆ ಒಂದು ನಿಮಿಷ ಕಾಯಿರಿ’ ಎಂಬ ಸೂಚನೆ ನಮಗೆ ಅನ್ವಯಿಸುವುದಿಲ್ಲ.

ಕಾಗದವನ್ನು ಹೊಲಿಗೆಯ ಗುಂಟ ಮಡಿಸಿ ಕೂರಿಸಿ, ಬಿಸಿನೀರಿನಿಂದ ತೊಳೆದು ಆ ನೀರು ಚೆಲ್ಲಿ. ಪುಡಿ ಹಾಕಿ ಪಕ್ಕಕ್ಕೆ ಮೆಲ್ಲಗೆ ತಟ್ಟಿ ಮಟ್ಟ ಮಾಡಿ. ನಡುವೆ ಬೆರಳಿನಿಂದ ಸಣ್ಣ ಕುಳಿ ಮಾಡಿದರೆ ಮೊದಲ ನೀರು ಆಳದ ಪುಡಿಗೂ ತಲುಪುತ್ತದೆ. ಶಂಕುವಿನಲ್ಲಿ ಪುಡಿಯ ಹಾಸು ಅತಿ ಆಳವಾಗಿರುವುದು ನಡುವೆಯೇ.

ನೆನೆಸುವುದು: ಇಲ್ಲಿ ಕೈ ಹಿಡಿಯಬೇಡಿ

ಪುಡಿಯ ಮೂರು ಪಟ್ಟು, ಅಂದರೆ 45 ಗ್ರಾಂ ನೀರನ್ನು ಹತ್ತು ಸೆಕೆಂಡಿನೊಳಗೆ ಸುರಿಯಿರಿ. ಎಲ್ಲೆಡೆ ನೀರು ಬಿದ್ದರೆ ಸಾಕು. ಹುರಿದ ಬೀಜದೊಳಗೆ ಸಿಕ್ಕಿಬಿದ್ದ ಇಂಗಾಲದ ಡೈಆಕ್ಸೈಡ್ ಹೊರಬರುತ್ತಾ ಪುಡಿ ದೋಸೆಹಿಟ್ಟಿನಂತೆ ಉಬ್ಬುತ್ತದೆ. ಇದಕ್ಕೆ ಬ್ಲೂಮ್ ಎನ್ನುತ್ತಾರೆ. ನೋಡಲು ಚೆನ್ನ, ಆದರೆ ಮೋಸ ಇರುವುದೂ ಇಲ್ಲೇ. ಮೇಲೆ ಒದ್ದೆಯಾಗಿ ಉಬ್ಬಿದ ಪುಡಿಯ ಹೊಟ್ಟೆಯಲ್ಲಿ ಗೋಲಿಯಷ್ಟು ದೊಡ್ಡ ಒಣಗಂಟುಗಳು ಉಳಿದಿರುತ್ತವೆ. ಒಮ್ಮೆ ಉಬ್ಬಿದ ಪುಡಿಯನ್ನು ಚಮಚದಿಂದ ಸೀಳಿ ನೋಡಿ. ತಿಳಿಕಂದು ಬಣ್ಣದ ಒಣಪುಡಿ ಕಂಡೀತು. ನನ್ನ ಕಾಫಿಯ ಹುಳಿ ಅಲ್ಲಿಂದಲೇ ಬರುತ್ತಿತ್ತು.

ನೀರು ಹಾಕಿದ ಕೂಡಲೇ ಶಂಕುವನ್ನೂ ಕೆಳಗಿನ ಪಾತ್ರೆಯನ್ನೂ ಒಟ್ಟಿಗೆ ಹಿಡಿದು, ಗುಂಡಗೆ ಮೂರ್ನಾಲ್ಕು ಸುತ್ತು ಜೋರಾಗಿ ಆಡಿಸಿ. ಒಳಗಿನದು ಒಣ ಪುಡಿಯಂತಿರದೆ ಬಗ್ಗಡದಂತೆ ಹರಿದಾಡಬೇಕು. ಅಲುಗಾಡಿಸುವಾಗ ಪುಡಿ ಹೆಂಟೆಯಂತೆ ಒಟ್ಟಾಗಿ ಜಾರಿದರೆ ನೀರು ಸಾಲದು ಎಂದರ್ಥ. ಇನ್ನು ಐದು ಹತ್ತು ಗ್ರಾಂ ಸೇರಿಸಿ.

ಆಡಿಸುವುದರ ಬದಲು ಚಮಚ ಬಳಸಬಹುದೇ? ಬಳಸಬಹುದು. ಈಚೆಗೆ ಹುರಿದ ಬೀಜ ತುಂಬಾ ಉಬ್ಬಿ ಆಡಿಸುವುದಕ್ಕೆ ಬಗ್ಗದಿದ್ದರೆ ನಾನು ಚಮಚದ ಹಿಡಿಕೆಯಿಂದಲೇ ಒಡೆಯುತ್ತೇನೆ. ಹಿಡಿಕೆಯನ್ನು ಆಳಕ್ಕೆ ಇಳಿಸಿ, ಕಾಗದಕ್ಕೆ ತಗುಲದಂತೆ, ನಾಲ್ಕೈದು ಸಲ ಹಿಂದೆ ಮುಂದೆ ಆಡಿಸಿದರಾಯಿತು. ಕಾಗದ ಹರಿದರೆ ಎಲ್ಲ ಮುಗಿಯಿತು. ಎರಡನ್ನೂ ಮಾಡಬೇಕಾಗಿಲ್ಲ. ಈ ಹಂತದಲ್ಲಿ ಕದಡಿದರೆ ಕಾಗದ ಕಟ್ಟುವ ಭಯ ಕಡಿಮೆ, ಏಕೆಂದರೆ ನುಣುಪು ಪುಡಿಯನ್ನು ಹೊತ್ತೊಯ್ಯುವಷ್ಟು ನೀರೇ ಇನ್ನೂ ಇಲ್ಲ. ಗಡಿಯಾರದಲ್ಲಿ 45 ಸೆಕೆಂಡ್ ಆಗುವವರೆಗೆ ಬಿಡಿ.

ಕಂತುಗಳು

ಉಳಿದ 205 ಗ್ರಾಂ ನೀರನ್ನು ನಾನು ಮೂರು ಕಂತುಗಳಲ್ಲಿ ಕೊಡುತ್ತೇನೆ. 45ನೇ ಸೆಕೆಂಡಿಗೆ ಆರಂಭಿಸಿ, ಹದಿನೈದು ಸೆಕೆಂಡಿನಲ್ಲಿ ತಕ್ಕಡಿ 120 ತೋರಿಸುವವರೆಗೆ. 1 ನಿಮಿಷ 20 ಸೆಕೆಂಡಿಗೆ ಎರಡನೆಯದು, 185ರವರೆಗೆ. 1 ನಿಮಿಷ 55 ಸೆಕೆಂಡಿಗೆ ಕೊನೆಯದು, 250ರವರೆಗೆ. ಸೆಕೆಂಡಿಗೆ ಸುಮಾರು 5 ಗ್ರಾಂ ಎಂಬ ವೇಗ ಕೈಗೆ ರೂಢಿಯಾದರೆ ಗಡಿಯಾರವನ್ನು ಅಷ್ಟಾಗಿ ನೋಡಬೇಕಿಲ್ಲ.

ಗಡಿಯಾರಕ್ಕಿಂತ ಒಳಗಿನ ನೀರಿನ ಮಟ್ಟ ಮುಖ್ಯ. ಹಿಂದಿನ ಕಂತು ಇಳಿದು ಪುಡಿ ಇನ್ನೇನು ಹೊರಗೆ ಕಾಣಬೇಕು ಎನ್ನುವಾಗ ಮುಂದಿನದನ್ನು ಸುರಿಯಿರಿ. ಪೂರ್ತಿ ಬತ್ತಲು ಬಿಟ್ಟರೆ ಪುಡಿ ಒತ್ತೊತ್ತಾಗಿ ಕೂರುತ್ತದೆ, ತಣಿಯುತ್ತದೆ, ಮುಂದಿನ ಧಾರೆ ಅದರಲ್ಲಿ ಗುಂಡಿ ತೋಡುತ್ತದೆ. ಬೇಗ ಸುರಿದು ನೀರು ಅಂಚಿನವರೆಗೆ ಏರಿದರೆ ಬೇರೆ ತೊಂದರೆ: ಆಳದ ನೀರಿನಲ್ಲಿ ಧಾರೆಯ ಬಲವೆಲ್ಲ ಕರಗಿ ಪುಡಿ ಅಲುಗುವುದೇ ಇಲ್ಲ, ಮೇಲಿನ ನೀರು ಪುಡಿಯನ್ನು ಮುಟ್ಟದೆ ಕಾಗದದ ಗೋಡೆಯ ಮೂಲಕವೇ ನುಸುಳಿಹೋಗುತ್ತದೆ.

ಕಂತುಗಳ ಗುಟ್ಟು ಇದರಲ್ಲೇ ಇದೆ. ಪ್ರತಿ ಕಂತೂ ಆಳ ಕಡಿಮೆಯಿರುವ ನೀರಿಗೆ ಬೀಳುವುದರಿಂದ ಪುಡಿಯನ್ನು ಹೊಸದಾಗಿ ಎಬ್ಬಿಸುತ್ತದೆ. ಕಂತು ಹೆಚ್ಚಿಸಿದಷ್ಟೂ ಕದಡುವಿಕೆ ಹೆಚ್ಚು, ಒಟ್ಟು ಸಮಯ ಉದ್ದ, ಸಾರ ಹೆಚ್ಚು. ಆದ್ದರಿಂದ ಕಂತು ಹೆಚ್ಚಿಸುವವರು ಪುಡಿಯನ್ನು ದಪ್ಪ ಮಾಡಿಕೊಳ್ಳಬೇಕು. 2016ರ ವಿಶ್ವ ಬ್ರೂವರ್ಸ್ ಕಪ್ ಎಂಬ ಕಾಫಿ ಸ್ಪರ್ಧೆ ಗೆದ್ದ ಜಪಾನಿನ ತೆತ್ಸು ಕಸುಯಾ ಅವರ, ನೀರನ್ನು ನಾಲ್ಕು ಮತ್ತು ಆರರ ಪಾಲು ಮಾಡುವ 4:6 ಕ್ರಮ ಪ್ರಸಿದ್ಧ: 20 ಗ್ರಾಂ ಪುಡಿಗೆ 300 ಗ್ರಾಂ ನೀರು, 60 ಗ್ರಾಮಿನ ಐದು ಕಂತು, 45 ಸೆಕೆಂಡಿಗೊಂದರಂತೆ. ಅದನ್ನು ನೋಡಿ ಕಂತುಗಳನ್ನು ಮಾತ್ರ ನಕಲು ಮಾಡಿ ಪುಡಿ ಸಣ್ಣದಾಗಿಯೇ ಇಟ್ಟುಕೊಂಡವರ ಕಾಫಿ ಕಹಿಯಾಗುತ್ತದೆ. ಅವರ ಪುಡಿ ದಪ್ಪನೆಯದು. ಆ ಕ್ರಮ ನಿಂತಿರುವುದೇ ಅದರ ಮೇಲೆ.

ಧಾರೆಯನ್ನು ನಡುವಿನಿಂದ ಆರಂಭಿಸಿ ಸುತ್ತು ಬಿಡಿಸುತ್ತಾ ಹೊರಗೆ ಬಂದು ಮತ್ತೆ ಒಳಗೆ ಹೋಗಿ. ಕಾಗದದ ಮೇಲೆ ನೇರ ಸುರಿಯಬೇಡಿ. ಎತ್ತರದ ವಿಷಯದಲ್ಲಿ ಕಣ್ಣಿಗಿಂತ ಕಿವಿ ಒಳ್ಳೆಯ ಗುರು. ಧಾರೆ ಗಾಜಿನ ಕಡ್ಡಿಯಂತೆ ತುಂಡಾಗದೆ ಇಳಿಯುತ್ತಿದ್ದರೆ ಸದ್ದು ಹೆಚ್ಚು ಬರುವುದಿಲ್ಲ. ಎತ್ತರ ಮೀರಿದಾಗ ಅದು ಹನಿಹನಿಯಾಗಿ ಒಡೆದು ಬಳಬಳ ಎನ್ನುತ್ತದೆ. ಆಗ ಮೇಲ್ಮೈಯಲ್ಲಿ ಸಿಡಿಯುತ್ತದೆಯೇ ಹೊರತು ಆಳಕ್ಕೆ ಮುಟ್ಟುವುದಿಲ್ಲ. 2025ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಭೌತವಿಜ್ಞಾನಿಗಳು ಪಾರದರ್ಶಕ ಕಣಗಳನ್ನು ಗಾಜಿನ ಶಂಕುವಿನಲ್ಲಿಟ್ಟು ಇದನ್ನೇ ನೋಡಿದರು. ಒಡೆಯದ ಧಾರೆ ನಡುವೆ ಗುಂಡಿ ಕೊರೆಯುತ್ತದೆ, ಸುತ್ತಲಿನ ಕಣಗಳು ಗುಡ್ಡ ಕುಸಿದಂತೆ ಒಳಗೆ ಜಾರುತ್ತವೆ, ಹೀಗೆ ಪುಡಿ ತಾನೇ ಮಗುಚಿಕೊಳ್ಳುತ್ತದೆ. ಧಾರೆ ಒಡೆಯದ ಮಿತಿಯವರೆಗೆ ಎತ್ತರ ಒಳ್ಳೆಯದೇ. ನನ್ನ ಕೆಟಲಿಗೆ ಆ ಮಿತಿ ಸುಮಾರು ಒಂದು ಗೇಣು. ನಿಮ್ಮದನ್ನು ಸಿಂಕಿನ ಮೇಲೆ ತಣ್ಣೀರು ಸುರಿದು ಕಂಡುಕೊಳ್ಳಿ.

ಕಂತುಗಳ ನಡುವೆ ಚಮಚ ಹಾಕಬೇಡಿ. ಧಾರೆಯೇ ಅಲ್ಲಿ ಚಮಚ.

ಕೊನೆಯ ಸುತ್ತು

250 ಗ್ರಾಂ ಮುಟ್ಟಿದ ಕೂಡಲೇ, ನೀರು ಇನ್ನೂ ಪುಡಿಯ ಮೇಲೆ ನಿಂತಿರುವಾಗ, ಒಂದೇ ಒಂದು ಸಲ ಮೆಲ್ಲಗೆ ಆಡಿಸಿ. ಎರಡು ಸುತ್ತು ಸಾಕು. ಗೋಡೆಗೆ ಅಂಟಿದ ಪುಡಿ ಕೆಳಗಿಳಿಯುತ್ತದೆ, ಹಾಸು ಮಟ್ಟವಾಗುತ್ತದೆ, ಉಳಿದ ನೀರು ಎಲ್ಲ ಕಡೆ ಒಂದೇ ದಪ್ಪದ ಪುಡಿಯ ಮೂಲಕ ಇಳಿಯುತ್ತದೆ. ಇದನ್ನು ರಾವ್ ಸ್ಪಿನ್ ಎನ್ನುತ್ತಾರೆ. ಹೆಸರು ಕೇಳಿ ನಮ್ಮ ಬಸವನಗುಡಿಯ ಯಾರೋ ರಾಯರು ಎಂದುಕೊಂಡಿದ್ದೆ. ಅದು ಅಮೆರಿಕದ ಕಾಫಿ ಸಲಹೆಗಾರ ಸ್ಕಾಟ್ ರಾವ್ ಅವರ ಹೆಸರಂತೆ.

ಇಲ್ಲಿ ಜೋರು ತೋರಿಸಿದರೆ ಕೆಟ್ಟಿತು. ಬ್ಲೂಮ್‌ನಲ್ಲಿದ್ದ ರಕ್ಷಣೆ ಈಗಿಲ್ಲ. ನೀರು ಸಾಕಷ್ಟಿದೆ, ನುಣುಪು ಪುಡಿ ತೇಲುತ್ತಿದೆ, ಕಾಗದ ಕಟ್ಟಲು ಎಲ್ಲವೂ ಸಿದ್ಧ. ಒಟ್ಟು ಮೂರು ನಿಮಿಷದ ಆಸುಪಾಸಿನಲ್ಲಿ ನೀರು ಇಳಿದು ಮುಗಿಯಬೇಕು.

ಚರಟ ಹೇಳುವುದೇನು

ಎಸೆಯುವ ಮುನ್ನ ಕಾಗದದೊಳಗೆ ನೋಡಿ. ನಡುವೆ ಆಳದ ಗುಂಡಿ, ಸುತ್ತ ಎತ್ತರದ ಪುಡಿಗೋಡೆ ಇದ್ದರೆ ನೀವು ಒಂದೇ ಕಡೆ ಸುರಿದಿದ್ದೀರಿ, ಕೊನೆಗೆ ಆಡಿಸಿಯೂ ಇಲ್ಲ. ಗೋಡೆಯ ಪುಡಿಗೆ ಸಿಕ್ಕಿದ್ದು ಅರ್ಧ ನೀರು. ಹಾಸು ಒಂದು ಕಡೆಗೆ ವಾಲಿದ್ದರೆ ಪಾತ್ರೆಯೇ ಮಟ್ಟವಾಗಿ ಕೂತಿರಲಿಲ್ಲ. ಮೇಲೆ ಕೆರೆಯಂಗಳದ ಮೆಕ್ಕಲಿನಂತೆ ನುಣುಪು ಕೆಸರು ಹರಡಿ, ಸಮಯ ನಾಲ್ಕು ನಿಮಿಷ ದಾಟಿದ್ದರೆ ಕದಡಿದ್ದು ಹೆಚ್ಚಾಯಿತು: ದಪ್ಪ ಕಣಗಳು ಮೊದಲು ತಳ ಸೇರಿ, ನುಣುಪಾದದ್ದು ಕೊನೆಗೆ ಮೇಲೆ ಕೂತಿದೆ.

ಮಟ್ಟವಾದ ಹಾಸು ಕಂಡು ಹಿಗ್ಗುವುದೂ ಬೇಡ. ಕೊನೆಯ ಸುತ್ತು ಎಂಥ ಎಡವಟ್ಟನ್ನೂ ಮಟ್ಟ ಮಾಡಿ ತೋರಿಸುತ್ತದೆ. ಚರಟವನ್ನು ಚಮಚದಿಂದ ಕೆದಕಿ, ಒಳಗೆ ತಿಳಿಬಣ್ಣದ ಗಂಟು ಇಲ್ಲವೆಂದು ನೋಡಿದ ಮೇಲೆ ನಂಬಿ.

ಮೂರು ಲೋಟಗಳ ಒಂದು ಬೆಳಗು

ಒಂದು ಭಾನುವಾರ ಗ್ರೈಂಡರ್ ಮುಟ್ಟದೆ, ಅದೇ ಬೀಜ, ಅದೇ ಅಳತೆಯಲ್ಲಿ ಮೂರು ಸಲ ಮಾಡಿದೆ. ಮೊದಲನೆಯದರಲ್ಲಿ ಬ್ಲೂಮ್ ಹಾಕಿ ಸುಮ್ಮನಿದ್ದೆ, ಉಳಿದ 205 ಗ್ರಾಂ ಒಂದೇ ಸಲ ನಡುವೆ ಸುರಿದೆ. 2 ನಿಮಿಷ 25 ಸೆಕೆಂಡಿಗೆ ಮುಗಿಯಿತು. ಗೋಡೆಯ ತುಂಬ ಪುಡಿ. ಕಾಫಿ ತೆಳು, ಹುಳಿ, ಹಿಂದೆಯೇ ಒಗರು. ನನ್ನ ಎರಡು ತಿಂಗಳ ಕಾಫಿ ಇದೇ ಆಗಿತ್ತು. ಎರಡನೆಯದರಲ್ಲಿ ಬ್ಲೂಮ್‌ನಲ್ಲಿ ಕಲಕಿದೆ, ಪ್ರತಿ ಕಂತಿನ ಮೇಲೂ ಚಮಚ ಹಾಕಿದೆ, ಕೊನೆಗೆ ಜೋರಾಗಿ ಆಡಿಸಿದೆ. 4 ನಿಮಿಷ 10 ಸೆಕೆಂಡ್. ಮೇಲೆ ಕೆಸರು. ಹುಳಿ ಹೋಗಿತ್ತು, ಆದರೆ ಕಹಿ ಕಷಾಯದಂತೆ ನಾಲಿಗೆಯ ಬುಡದಲ್ಲಿ ಕೂತಿತು. ಮೂರನೆಯದು ಮೇಲೆ ಹೇಳಿದ ಕ್ರಮ: ಮೊದಲಿಗೆ ಜೋರು ಸುತ್ತು, ಮೂರು ಕಂತು, ಕೊನೆಗೆ ಮೆಲ್ಲನೆಯ ಸುತ್ತು. 3 ನಿಮಿಷ 5 ಸೆಕೆಂಡ್. ಹುಳಿ ಇತ್ತು, ಆದರೆ ಕಿತ್ತಳೆಯ ಹುಳಿ. ಆರುತ್ತಾ ಬಂದಂತೆ ಬೆಲ್ಲದ ಸಿಹಿ ಮುಂದೆ ಬಂತು. ಒಗರು ಇರಲಿಲ್ಲ.

ಆಮೇಲೆ ಮಾತ್ರ ಗ್ರೈಂಡರ್ ಮುಟ್ಟಿ. ಕದಡುವ ಕ್ರಮ ಸ್ಥಿರವಾದ ಮೇಲೂ ಕಾಫಿ ಬರೀ ಹುಳಿಯಾಗಿದ್ದರೆ ಪುಡಿ ಸಣ್ಣ ಮಾಡಿ, ಬರೀ ಕಹಿಯಾಗಿದ್ದರೆ ದಪ್ಪ ಮಾಡಿ. ಕದಡುವುದನ್ನೂ ಪುಡಿಯನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ಕಪ್ಪಗೆ ಹುರಿದ ಬೀಜ ಸುಲಭವಾಗಿ ಸಾರ ಬಿಡುತ್ತದೆ. ಅದಕ್ಕೆ ಎರಡೇ ಕಂತು ಸಾಕು. ಇಥಿಯೋಪಿಯಾದ ಬೀಜಗಳು ನುಣುಪು ಪುಡಿ ಹೆಚ್ಚು ಕೊಟ್ಟು ಕಾಗದ ಕಟ್ಟುವುದುಂಟು. ಅವಕ್ಕೆ ನಾನು ಕೊನೆಯ ಸುತ್ತನ್ನೇ ಬಿಡುತ್ತೇನೆ.

ಪುಡಿ ನೀರಲ್ಲೇ ಮುಳುಗಿರುವಾಗ

ಪುಡಿಯನ್ನು ನೀರಿನಲ್ಲೇ ನೆನೆಸಿ, ಕೊನೆಗೆ ಜರಡಿಯಿಂದ ಸೋಸಿ ಬಗ್ಗಿಸುವ ಫ್ರೆಂಚ್ ಪ್ರೆಸ್‌ನಲ್ಲಿ ಲೆಕ್ಕವೇ ಬೇರೆ. ನೀರು ಎಲ್ಲಿಗೂ ಹರಿದು ಹೋಗುವುದಿಲ್ಲ, ಕಳ್ಳದಾರಿಯ ಪ್ರಶ್ನೆಯಿಲ್ಲ. ಸುತ್ತಲ ನೀರು ಗಟ್ಟಿಯಾಗುತ್ತಾ ಹೋದಂತೆ ಸಾರ ಇಳಿಯುವ ವೇಗ ತಾನೇ ತಗ್ಗುತ್ತದೆ. ಹೀಗಾಗಿ ಅತಿಯಾಗಿ ಕಲಕಿದರೂ ಕಾಫಿ ವಿ-60ಯಷ್ಟು ಬೇಗ ಕೆಡುವುದಿಲ್ಲ. ಸಾರ ಸಮನಾಗಿ ಇಳಿಯದಿರಲು ಇಲ್ಲಿ ಎರಡೇ ಕಾರಣ: ಒಣಗಂಟು, ಮತ್ತು ಅನಿಲದ ಬಲದಿಂದ ಮೇಲೆ ತೇಲಿ ಕೆನೆಯಂತೆ ಕಟ್ಟುವ ಪುಡಿಯ ಪದರ.

30 ಗ್ರಾಂ ಪುಡಿಗೆ 500 ಗ್ರಾಂ ನೀರು, ಪುಡಿ ಇಡ್ಲಿ ರವೆಯಷ್ಟು. ನೀರನ್ನು ತುಸು ಎತ್ತರದಿಂದ ರಭಸವಾಗಿ ಸುರಿಯಿರಿ. ಇಲ್ಲಿ ರಭಸ ಒಳ್ಳೆಯದು, ಗಂಟು ಒಡೆಯುತ್ತದೆ. ನಾಲ್ಕು ನಿಮಿಷ ಮುಟ್ಟಬೇಡಿ. ಆಮೇಲೆ ಮೇಲಿನ ಪದರವನ್ನು ಚಮಚದಿಂದ ಮೂರು ಸಲ ಮೆಲ್ಲಗೆ ಕಲಕಿ. ಹೆಚ್ಚಿನ ಪುಡಿ ತಾನೇ ಮುಳುಗುತ್ತದೆ. ಉಳಿದ ನೊರೆಯನ್ನು ಎರಡು ಚಮಚದಿಂದ ತೆಗೆದುಬಿಡಿ. ಇನ್ನು ಐದು ನಿಮಿಷ ತಳ ಕಟ್ಟಲು ಬಿಡಿ. ಜರಡಿಯನ್ನು ತಳದವರೆಗೆ ಒತ್ತಬೇಡಿ, ಕಾಫಿಯ ಮೇಲ್ಮೈಗೆ ತಾಗಿಸಿ ನಿಲ್ಲಿಸಿ ನಿಧಾನ ಬಗ್ಗಿಸಿ. ತಳದವರೆಗೆ ಒತ್ತುವುದೆಂದರೆ ಕೊನೆಯ ಕ್ಷಣದಲ್ಲಿ ಮತ್ತೆ ಕದಡಿದಂತೆ. ಐದು ನಿಮಿಷ ಕಾದು ಕೂರಿಸಿದ ಗಷ್ಟೆಲ್ಲ ಲೋಟಕ್ಕೆ ಬರುತ್ತದೆ. ತಳದ ಕೊನೆಯ ಎರಡು ಗುಟುಕನ್ನು ಪ್ರೆಸ್‌ನಲ್ಲೇ ಬಿಡುವ ಔದಾರ್ಯವೂ ಇರಲಿ.

ಕೊಳವೆಯಲ್ಲಿ ನೆನೆಸಿ ಕಾಗದದ ಮೂಲಕ ಒತ್ತಿ ಇಳಿಸುವ ಏರೋಪ್ರೆಸ್‌ನಲ್ಲಿ ನೀರು ಹಾಕಿ ಚಮಚ ಒಂದು ಸಲ ಆಡಿಸಿ ಗಂಟು ಒಡೆದರೆ ಸಾಕು. ಒತ್ತುವ ಮುನ್ನ ಒಮ್ಮೆ ಮೆಲ್ಲಗೆ ಸುತ್ತಿಸಿ ಹಾಸು ಮಟ್ಟ ಮಾಡಿ, ಅರ್ಧ ನಿಮಿಷ ಕೂರಲು ಬಿಟ್ಟು, ಮೂವತ್ತು ಸೆಕೆಂಡ್ ಹಿಡಿಯುವಷ್ಟು ನಿಧಾನವಾಗಿ ಒತ್ತಿ.

ನೆನೆಸಿ ಕೊನೆಗೆ ಕಾಗದದ ಮೂಲಕ ಬಿಡುವ ಕ್ಲೆವರ್ ಡ್ರಿಪ್ಪರ್ ವಿ-60 ಮತ್ತು ಫ್ರೆಂಚ್ ಪ್ರೆಸ್‌ಗಳ ನಡುವಿನದು. ಅದರಲ್ಲಿ ಹಲವರು ಪುಡಿಯ ಮೇಲೆ ನೀರು ಸುರಿಯುತ್ತಾರೆ, ನೀರು ಇಳಿಯುವುದು ತಡವಾಯಿತೆಂದು ಗೊಣಗುತ್ತಾರೆ. ಕ್ರಮವನ್ನು ತಿರುಗಿಸಿ. ಮೊದಲು ಕಾಗದದೊಳಗೆ 250 ಗ್ರಾಂ ನೀರು ತುಂಬಿ, ಅದರ ಮೇಲೆ 15 ಗ್ರಾಂ ಪುಡಿ ಉದುರಿಸಿ, ಒಣಪುಡಿ ಕಾಣದಂತಾಗುವವರೆಗೆ ಚಮಚದಿಂದ ಮೇಲ್ಭಾಗವನ್ನಷ್ಟೇ ಅದ್ದಿ ಕಲಕಿ. ಧಾರೆಯ ಪೆಟ್ಟಿಗೆ ನುಣುಪು ಪುಡಿ ಕಾಗದದ ತಳಕ್ಕೆ ಹೋಗಿ ಮೆತ್ತಿಕೊಳ್ಳುವುದು ಇದರಿಂದ ತಪ್ಪುತ್ತದೆ. ಎರಡು ನಿಮಿಷದ ಮೇಲೆ ಮೇಲಿನ ಪದರವನ್ನು ಒಮ್ಮೆ ಮುರಿದು, ಇನ್ನರ್ಧ ನಿಮಿಷ ಕಾದು ಲೋಟದ ಮೇಲಿಡಿ. ನನ್ನ ಅಡುಗೆಮನೆಯಲ್ಲಿ ನೀರು ಮೊದಲು ಹಾಕಿದಾಗ ಕಾಫಿ ಒಂದು ನಿಮಿಷದೊಳಗೆ ಇಳಿಯುತ್ತದೆ, ಪುಡಿ ಮೊದಲು ಹಾಕಿದಾಗ ಅದರ ಎರಡರಷ್ಟು ಹೊತ್ತು ಕಾಯಬೇಕು.